ಆಡಿಟ್ ಕೆಲಸಕ್ಕೆ ಸಿಎ ಬರೆಯುವ ಅರ್ಜಿ ಇಮೇಲ್

ಆಡಿಟ್ ಹುದ್ದೆ ಬಯಸುವ ಚಾರ್ಟರ್ಡ್ ಅಕೌಂಟೆಂಟ್ ತನ್ನ ರೆಸ್ಯೂಮೆಯ ಜೊತೆ ಒಂದು ಚಿಕ್ಕ ಇಮೇಲ್ ಕಳಿಸುತ್ತಾರೆ. ಹೊಸದಾಗಿ ಪಾಸಾದವರ ಇಮೇಲ್‌ನಲ್ಲಿ ನೇಮಕ ಮಾಡುವವರು ಮುಖ್ಯವಾಗಿ ಹುಡುಕುವುದು ಎರಡನ್ನು: ಪರೀಕ್ಷೆ ಎಷ್ಟನೇ ಅಟೆಂಪ್ಟ್‌ನಲ್ಲಿ ಮುಗಿಯಿತು, ಯಾವ ಸಾಫ್ಟ್‌ವೇರ್‌ನಲ್ಲಿ ಕೈ ಪಳಗಿದೆ.

ಅಟೆಂಪ್ಟ್‌ನ ಲೆಕ್ಕ ಹೊರಗಿನವರಿಗೆ ಕಾಣುವಷ್ಟು ಸರಳವಲ್ಲ. ಸಿಎ ಫೈನಲ್‌ನ ಈಗಿನ ಪಠ್ಯಕ್ರಮದಲ್ಲಿ ಎರಡು ಗ್ರೂಪ್‌ಗಳಿದ್ದು, ಒಂದೊಂದರಲ್ಲಿ ನೂರು ಅಂಕದ ಮೂರು ಪತ್ರಿಕೆಗಳಿವೆ. ಒಂದೇ ಗ್ರೂಪ್ ಬರೆದವರಿಗೆ ಪ್ರತಿ ಪತ್ರಿಕೆಯಲ್ಲಿ 40 ಬಂದರೆ ಸಾಲದು, ಗ್ರೂಪ್‌ನ ಒಟ್ಟು ಅಂಕವೂ 150 ಮುಟ್ಟಬೇಕು. 52, 48, 47 ತೆಗೆದವರ ಒಟ್ಟು 147. ಯಾವ ಪತ್ರಿಕೆಯಲ್ಲೂ ಸೋಲದೆ, ಮೂರೇ ಅಂಕಕ್ಕೆ ಅವರು ಇಡೀ ಗ್ರೂಪ್ ಮತ್ತೆ ಬರೆಯಬೇಕು. ಹೀಗಾಗಿ ಹೆಚ್ಚಿನ ಅಟೆಂಪ್ಟ್ ಎಂದರೆ ತಿಳಿವಳಿಕೆ ಕಡಿಮೆ ಎಂದು ತೀರ್ಮಾನಿಸುವುದು ಅನ್ಯಾಯ. ಆದರೂ ಕೆಲವು ಸಂಸ್ಥೆಗಳು ಮೊದಲ ಅಟೆಂಪ್ಟ್‌ನವರನ್ನೇ ಕೇಳುತ್ತವೆ.

ಆ ಕಾರಣಕ್ಕೆ ಅದನ್ನು ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಅಂಕಪಟ್ಟಿಯಲ್ಲಿ ಪರೀಕ್ಷೆಯ ತಿಂಗಳು, ವರ್ಷ ಇರುತ್ತವೆ. ದಾಖಲೆ ನೋಡುವಾಗ ವಿಷಯ ಹೊರಬರುತ್ತದೆ. ಇಂಟರ್‌ಮೀಡಿಯೆಟ್ ಒಂದೇ ಸಲಕ್ಕೆ ಮುಗಿಸಿ, ಫೈನಲ್‌ನ ಒಂದು ಗ್ರೂಪ್‌ನಲ್ಲಿ ಎಡವಿದ ಅಭ್ಯರ್ಥಿಯನ್ನು ಊಹಿಸಿಕೊಳ್ಳಬಹುದು. ಅವರು ಹೀಗೆ ಬರೆದರೆ ಸಾಕು: “ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಮೊದಲ ಅಟೆಂಪ್ಟ್‌ನಲ್ಲಿ, ಫೈನಲ್‌ನ ಎರಡನೇ ಗ್ರೂಪ್ ಮೊದಲ ಅಟೆಂಪ್ಟ್‌ನಲ್ಲಿ, ಮೊದಲನೇ ಗ್ರೂಪ್ ಮೂರನೆಯದರಲ್ಲಿ, ಮೇ 2025.” ಇದಕ್ಕೆ ಸಮಜಾಯಿಷಿ ಬೇಡ. ಕೇಳಿದರೆ ಸಂದರ್ಶನದಲ್ಲಿ ಹೇಳಬಹುದು.

ಸಾಫ್ಟ್‌ವೇರ್ ವಿಷಯದಲ್ಲಿ ಹೆಚ್ಚಿನವರು ಸೋಲುವುದು ಹೆಸರುಗಳ ಪಟ್ಟಿ ಕೊಟ್ಟು. “ಟ್ಯಾಲಿ, ಎಸ್‌ಎಪಿ, ಎಕ್ಸೆಲ್ ಬರುತ್ತದೆ” ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ಆರ್ಟಿಕಲ್‌ಶಿಪ್‌ನಲ್ಲಿ ಮಾಡಿದ ಒಂದು ಕೆಲಸವನ್ನು ಹೇಳಿದರೆ ತಿಳಿಯುತ್ತದೆ: “ಎಸ್‌ಎಪಿಯ FBL1N ನಿಂದ ಸರಬರಾಜುದಾರರ ಲೆಕ್ಕ ಇಳಿಸಿಕೊಂಡು, ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿದೆಯೇ ಎಂದು ಎಕ್ಸೆಲ್‌ನಲ್ಲಿ ಪರಿಶೀಲಿಸಿದ್ದೇನೆ.” ಹೀಗೆ ಬರೆದವರು ಮುಂದಿನ ಪ್ರಶ್ನೆಗೂ ಸಿದ್ಧರಿರಬೇಕು. ಒಂದು ಕಡೆ 104/A ಎಂದೂ ಇನ್ನೊಂದು ಕಡೆ 104A ಎಂದೂ ದಾಖಲಾದ ಬಿಲ್ಲನ್ನು ಎಕ್ಸೆಲ್ ಬೇರೆಬೇರೆ ಎಂದೇ ಎಣಿಸುತ್ತದೆ. ಸರಬರಾಜುದಾರ, ಮೊತ್ತ, ಬಿಲ್ಲಿನ ತಾರೀಕು ಮೂರನ್ನೂ ಹೊಂದಿಸಿ ನೋಡಿದರೆ ಅದು ಸಿಕ್ಕಿಬೀಳುತ್ತದೆ. ನಿಜವಾಗಿ ಕೆಲಸ ಮಾಡಿದವರು ಇದನ್ನು ತಟ್ಟನೆ ಹೇಳುತ್ತಾರೆ.

ಟ್ಯಾಲಿಯ ಎಡಿಟ್ ಲಾಗ್ ನೋಡಿದ ಅನುಭವವಿದ್ದರೆ ಅದನ್ನೂ ಬರೆಯಬೇಕು. ಲೆಕ್ಕದಲ್ಲಿ ಯಾವ ತಿದ್ದುಪಡಿ ಯಾವಾಗ ಆಯಿತು ಎಂದು ದಾಖಲಿಸುವ ಸಾಫ್ಟ್‌ವೇರನ್ನೇ ಕಂಪನಿಗಳು ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ದಾಖಲೆ ವರ್ಷವಿಡೀ ಚಾಲೂ ಇತ್ತೇ ಎಂಬುದನ್ನು ಆಡಿಟರ್ ತಮ್ಮ ವರದಿಯಲ್ಲಿ ತಿಳಿಸಬೇಕಾಗುತ್ತದೆ.

ಅನುಭವ ಹೇಳುವಾಗ ಕಕ್ಷಿದಾರ ಕಂಪನಿಯ ಹೆಸರಾಗಲಿ, ಅಲ್ಲಿ ಸಿಕ್ಕ ಲೋಪವಾಗಲಿ ಇಮೇಲ್‌ನಲ್ಲಿ ಬರಬಾರದು. “ಒಂದು ಸಿದ್ಧ ಉಡುಪು ರಫ್ತು ಕಂಪನಿ” ಎಂದರೆ ಸಾಕು. ವೃತ್ತಿಯಲ್ಲಿ ತಿಳಿದ ಮಾಹಿತಿಯನ್ನು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಹೊರಗೆಡಹುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆ.