ಶಿಲ್ಕು ಸರಿ, ಹೆಸರು ಅದಲುಬದಲು

ನಾವುಂದ, ಮರವಂತೆಯ ಕಡೆಯಿಂದ ಹೋಗಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೇಕರಿ, ಹೋಟೆಲು ಇಟ್ಟವರು ಬಹಳ ಮಂದಿ. ಅಂಥವರಲ್ಲಿ ಅನೇಕರಿಗೆ ಅಂಗಡಿಗೂ ಮನೆಗೂ ಬ್ಯಾಂಕಿನ ಖಾತೆ ಒಂದೇ. ಗಲ್ಲಾಪೆಟ್ಟಿಗೆ ಪಕ್ಕದ ಕ್ಯೂಆರ್ ಕೋಡಿಗೆ ಬಿದ್ದ 20 ರೂಪಾಯಿ, ತಮ್ಮ ತೀರಿಸಿದ ಕೈಗಡ, ಎತ್ತಿದ ಚೀಟಿ, ಊರಮನೆ ರಿಪೇರಿಗೆ ಅಕ್ಕ ಕಳಿಸಿದ ಹಣ, ಎಲ್ಲವೂ ಒಂದೇ ಕಡೆ ಜಮೆ. ಸಾಲಕ್ಕೋ ತೆರಿಗೆಗೋ ಲೆಕ್ಕ ಬೇಕಾದಾಗ ಸ್ಟೇಟ್‌ಮೆಂಟಿನ ಪಿಡಿಎಫ್ ಲೆಕ್ಕಪರಿಶೋಧಕರ ಕಚೇರಿಗೆ ಹೋಗುತ್ತದೆ. ಅಲ್ಲಿ ತಂತ್ರಾಂಶವೊಂದು ಅದನ್ನು ಓದಿ, ಇದು ಮಾರಾಟ, ಇದು ಸಾಲ, ಇದು ಮನೆಯ ಹಣ ಎಂದು ವಿಂಗಡಿಸುತ್ತದೆ.

ಈ ವಿಂಗಡಣೆ ಎಷ್ಟು ಮುಖ್ಯ ಎಂಬುದನ್ನು 2025ರ ಜುಲೈ ತೋರಿಸಿಕೊಟ್ಟಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧಾರವಾಗಿಟ್ಟು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ಯುಪಿಐ ವಹಿವಾಟು ನಡೆಸಿದ್ದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟುವಂತೆ ಸೂಚನೆ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅಲ್ಲಿ ಇಲಾಖೆಗೆ ಮಾಹಿತಿ ಬಂದದ್ದು ಪಿಡಿಎಫ್‌ನಿಂದಲ್ಲ, ಯುಪಿಐ ಸೇವಾ ಸಂಸ್ಥೆಗಳಿಂದ. ಮೊತ್ತದಲ್ಲಿ ತಪ್ಪಿರಲಿಲ್ಲ, ಆ ಮೊತ್ತ ಯಾತರದ್ದು ಎಂಬ ವಿವರ ಮಾತ್ರ ಇರಲಿಲ್ಲ. ಇಂಥ ನೋಟಿಸಿಗೆ ಉತ್ತರ ಬರೆಯಬೇಕಾದ ವ್ಯಾಪಾರಿ ತೆರೆಯುವುದು ತನ್ನ ಬ್ಯಾಂಕ್ ಸ್ಟೇಟ್‌ಮೆಂಟನ್ನು. ಆ ಓದಿನಲ್ಲೇ ಹೆಸರುಗಳು ಅದಲುಬದಲಾದರೆ?

ಆಗುತ್ತವೆ. ಕಣ್ಣಿಗೆ ಕೋಷ್ಟಕವಾಗಿ ಕಾಣುವ ಪುಟದೊಳಗೆ ಸಾಮಾನ್ಯವಾಗಿ ಕೋಷ್ಟಕ ಇರುವುದೇ ಇಲ್ಲ. ಈ ಅಕ್ಷರವನ್ನು ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ದೂರದಲ್ಲಿ ಬರೆ ಎಂಬ ಸೂಚನೆಗಳಷ್ಟೇ ಪಿಡಿಎಫ್‌ನಲ್ಲಿರುತ್ತವೆ. ಸಾಲು, ಅಂಕಣ, ಕೋಶ ಇವೆಲ್ಲ ಓದುವ ತಂತ್ರಾಂಶದ ಊಹೆ. ಗೆರೆ ಎಳೆದ ಕೋಷ್ಟಕವಾದರೆ ಊಹೆ ಸುಲಭ. ಗೆರೆಯಿಲ್ಲದಿದ್ದರೆ ನಡುವಿನ ಖಾಲಿ ಜಾಗ ನೋಡಿ ಅಂದಾಜು ಮಾಡಬೇಕು. ಯುಪಿಐ ವಿವರಗಳು ಉದ್ದವಾದ್ದರಿಂದ ಅವು ಎರಡು ಮೂರು ಸಾಲಿಗೆ ಮುರಿಯುತ್ತವೆ. ಕೆಲವು ಸ್ಟೇಟ್‌ಮೆಂಟುಗಳಲ್ಲಿ ದಿನಾಂಕ ಮತ್ತು ಮೊತ್ತ ಕೋಶದ ನಟ್ಟನಡುವೆ ಕೂರುತ್ತವೆ. ನಾನೇ ಕಟ್ಟಿದ ಒಂದು ಮಾದರಿ ಹೀಗಿದೆ. ಆರಂಭದ ಶಿಲ್ಕು 40,000 ರೂಪಾಯಿ. ಮೊತ್ತದ ಅಂಕಣಗಳು ಕ್ರಮವಾಗಿ ಖರ್ಚು, ಜಮೆ, ಶಿಲ್ಕು.

```
            UPI/CR/HAND LOAN
03/07/2025                            50,000.00  90,000.00
            /RETURN
            UPI/CR/QR SALE
04/07/2025                               200.00  90,200.00
            /COUNTER
            UPI/DR/LPG CYL
05/07/2025                 1,800.00              88,400.00
            /AGENCY
```

ನಮಗೆ ಇದು ಮೂರು ವಹಿವಾಟು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಕೈಗಡದ 50,000 ವಾಪಸ್ ಬಂತು, ಅಂಗಡಿಯಲ್ಲಿ 200ರ ಮಾರಾಟವಾಯಿತು, ಗ್ಯಾಸಿಗೆ 1,800 ಹೋಯಿತು. ಆದರೆ ತಂತ್ರಾಂಶ ಬರೆಯುವವರು ಮೊದಲು ಹಾಕುವ ನಿಯಮ ಒಂದೇ: ದಿನಾಂಕ ಕಂಡಲ್ಲಿ ಹೊಸ ವಹಿವಾಟು ಶುರು, ಮುಂದಿನ ದಿನಾಂಕದವರೆಗಿನ ಬರಹವೆಲ್ಲ ಅದರದ್ದು. ಈ ನಿಯಮದಂತೆ `UPI/CR/HAND LOAN` ಎಂಬ ಮೊದಲ ಸಾಲಿಗೆ ವಾರಸುದಾರರೇ ಇಲ್ಲ. ಪುಟದ ತಲೆಬರಹವೆಂದು ಅದನ್ನು ಬಿಸಾಡಲಾಗುತ್ತದೆ. 50,000ಕ್ಕೆ `/RETURN UPI/CR/QR SALE` ಅಂಟಿಕೊಂಡು ಅದು ಮಾರಾಟವಾಗುತ್ತದೆ. 200 ರೂಪಾಯಿಯ ನಿಜವಾದ ಮಾರಾಟ ಗ್ಯಾಸಿನ ಹೆಸರು ಹೊತ್ತುಕೊಳ್ಳುತ್ತದೆ.

ಈಗ ಎಲ್ಲರೂ ನಂಬುವ ಪರೀಕ್ಷೆ ಮಾಡಿ ನೋಡೋಣ. ಹಿಂದಿನ ಶಿಲ್ಕಿಗೆ ಜಮೆ ಕೂಡಿಸಿ, ಖರ್ಚು ಕಳೆದರೆ ಮುಂದಿನ ಶಿಲ್ಕು ಬರಬೇಕು. 40,000ಕ್ಕೆ 50,000 ಸೇರಿ 90,000. ಅದಕ್ಕೆ 200 ಸೇರಿ 90,200. ಅದರಲ್ಲಿ 1,800 ಕಳೆದು 88,400. ಎಲ್ಲವೂ ತಾಳೆ! ಒಂದು ಸಾಲು ಬಿಟ್ಟುಹೋದರೂ, ಜಮೆ ಖರ್ಚಿನ ಅಂಕಣಕ್ಕೆ ಜಾರಿದರೂ ಈ ಪರೀಕ್ಷೆ ಹಿಡಿಯುತ್ತದೆ, ಹಾಗಾಗಿ ಅದು ಒಳ್ಳೆಯ ಪರೀಕ್ಷೆಯೇ. ಆದರೆ ಅದು ನೋಡುವುದು ಅಂಕಿಗಳನ್ನು ಮಾತ್ರ, ವಿವರವನ್ನಲ್ಲ. ತಂತ್ರಾಂಶ ಹಸಿರು ಗುರುತು ಕೊಟ್ಟ ಮೇಲೆ ಕಚೇರಿಯಲ್ಲಿ ಯಾರೂ ಮತ್ತೆ ಮೂಲ ಪುಟ ತೆರೆಯುವುದಿಲ್ಲ ಎಂಬುದೇ ನನ್ನ ಆತಂಕ.

ತಪ್ಪು ಎರಡೂ ದಿಕ್ಕಿಗೆ ಸಮವಾಗಿ ಹಂಚಿಹೋಗಿದ್ದರೆ ವರ್ಷದ ಕೊನೆಗೆ ಹೆಚ್ಚು ಕಮ್ಮಿ ಸರಿಹೋಗುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ. ಅಂಗಡಿಯ ಖಾತೆಯಲ್ಲಿ ಮಾರಾಟದ ಜಮೆಗಳು ಸಣ್ಣವು, ಸಾವಿರಾರು. ಕೈಗಡ, ಚೀಟಿಯಂಥವು ದೊಡ್ಡವು, ಬೆರಳೆಣಿಕೆಯವು. ವಿವರ ಒಂದು ಸಾಲು ಸರಿದಾಗ ದೊಡ್ಡ ಮೊತ್ತಕ್ಕೆ ಪಕ್ಕದ ಮಾರಾಟದ ಹೆಸರು ಬರುತ್ತದೆ, ಕೈಗಡದ ಹೆಸರು ಯಾವುದೋ ಚಿಲ್ಲರೆ ಮಾರಾಟಕ್ಕೆ ಹೋಗುತ್ತದೆ. ಒಂದು ಬೇಕರಿಯ ವರ್ಷದ ಜಮೆ 43 ಲಕ್ಷ ಎಂದಿಟ್ಟುಕೊಳ್ಳಿ. ಅದರಲ್ಲಿ 50,000ದ ಹನ್ನೆರಡು ಜಮೆ, ಅಂದರೆ 6 ಲಕ್ಷ, ಮಾರಾಟದ್ದಲ್ಲ. ನಿಜವಾದ ಮಾರಾಟ 37 ಲಕ್ಷ. ವಿವರ ಸರಿದ ಲೆಕ್ಕದಲ್ಲಿ ಮಾರಾಟದಿಂದ ಹೊರಗೆ ಹೋಗುವುದು 200 ರೂಪಾಯಿಯ ಹನ್ನೆರಡು ಜಮೆ, ಅಂದರೆ 2,400 ಮಾತ್ರ. ಮಾರಾಟ 42,97,600 ಎಂದು ಬರುತ್ತದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಮಿತಿಯ ಕೆಳಗಿದ್ದ ವ್ಯಾಪಾರಿ ತನ್ನದೇ ಲೆಕ್ಕಪರಿಶೋಧಕರು ತಯಾರಿಸಿದ ಕಾಗದದಲ್ಲಿ ಮಿತಿ ದಾಟಿರುತ್ತಾನೆ.

ಪತ್ತೆಹಚ್ಚಲು ದಾರಿಯಿದೆ. ಯುಪಿಐ ವಿವರದಲ್ಲಿ `CR` ಎಂದರೆ ಜಮೆ, `DR` ಎಂದರೆ ಖರ್ಚು. ಮೇಲಿನ ಮಾದರಿಯಲ್ಲಿ 200ರ ಜಮೆಗೆ `DR` ಅಂಟಿದೆ. ಇಂಥ ಒಂದು ವಿರೋಧ ಸಿಕ್ಕರೂ ಆ ಸಾಲನ್ನಷ್ಟೇ ತಿದ್ದಿ ಸುಮ್ಮನಾಗದೆ ಇಡೀ ಪುಟವನ್ನು ಅನುಮಾನಿಸಬೇಕು. ಏಕೆಂದರೆ ಅದರ ಮೇಲಿನ 50,000ದ ತಪ್ಪಿನಲ್ಲಿ ಜಮೆಗೆ `CR` ಎಂದೇ ಇದೆ, ಅದು ಈ ಬಲೆಗೆ ಬೀಳುವುದಿಲ್ಲ. ಪುಟದಲ್ಲಿ ಜಮೆಗಳೇ ತುಂಬಿದ್ದರೆ ಈ ಪರೀಕ್ಷೆ ಕುರುಡು. ಪುಟಗಳು ಆಗುತ್ತಿರುವುದೂ ಹಾಗೆಯೇ: 2016ರಲ್ಲಿ ಶುರುವಾದ ಯುಪಿಐನಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟು ನಡೆಯಿತು. ಅಂಗಡಿಯ ಸ್ಟೇಟ್‌ಮೆಂಟಿನಲ್ಲಿ ಪುಟಗಟ್ಟಲೆ ಬರೀ ಸಣ್ಣ ಜಮೆ.

ಅಲ್ಲಿ ನೋಡಬೇಕಾದದ್ದು ವಿವರದ ತಲೆ ಬಾಲ. ಪ್ರತಿ ವಿವರವೂ `UPI`, `NEFT`, `IMPS` ಮುಂತಾದ ಗೊತ್ತಿರುವ ಪದದಿಂದಲೇ ಶುರುವಾಗಬೇಕು. `/RETURN` ಎಂದು ಬಾಲದಿಂದ ಶುರುವಾದರೆ ಸಾಲು ಸರಿದಿದೆ ಎಂದೇ ಅರ್ಥ. ಸರಿಪಡಿಸಲು `pdfplumber`ನಂಥ ಸಾಧನದಲ್ಲಿ ಪ್ರತಿ ಪದದ `top`, ಅಂದರೆ ಪುಟದ ಮೇಲಂಚಿನಿಂದ ಇರುವ ದೂರ, ಸಿಗುತ್ತದೆ. ದಿನಾಂಕಕ್ಕೆ ಮೇಲೂ ಕೆಳಗೂ ಹತ್ತಿರವಿರುವ ವಿವರಗಳನ್ನು ಆ ದೂರ ನೋಡಿ ಸೇರಿಸಬೇಕು. ಕೆಲಸ ಕಷ್ಟದ್ದಲ್ಲ, ಆದರೆ ಒಂದೊಂದು ಬ್ಯಾಂಕಿನ ಮಾದರಿಗೂ ಬೇರೆಯಾಗಿ ಮಾಡಬೇಕು, ಬ್ಯಾಂಕ್ ಮಾದರಿ ಬದಲಿಸಿದಾಗ ಮತ್ತೆ ಮಾಡಬೇಕು.

ರಿಸರ್ವ್ ಬ್ಯಾಂಕಿನ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಗ್ರಾಹಕನ ಒಪ್ಪಿಗೆಯ ಮೇಲೆ ಮಾಹಿತಿ ಅಂಕಣವಾರು ನೇರವಾಗಿ ಹೋಗುವುದರಿಂದ ಸಾಲು ಸರಿಯುವ ಸಮಸ್ಯೆ ಅಲ್ಲಿಲ್ಲ. ತಮ್ಮ ಕಳಿಸಿದ 50,000 ಕೈಗಡವೋ ಕೇಕಿನ ಆರ್ಡರೋ ಎಂಬುದನ್ನು ಮಾತ್ರ ಅದೂ ಹೇಳಲಾರದು.

ವಿಂಗಡಿಸಿದ ಲೆಕ್ಕ ನಿಮ್ಮ ಸಹಿಗೆ ಬಂದಾಗ ಅದರಲ್ಲಿ ಅತಿ ದೊಡ್ಡ ಇಪ್ಪತ್ತು ಜಮೆಗಳನ್ನು ಆರಿಸಿ, ಒಂದೊಂದರ ವಿವರವನ್ನೂ ಮೂಲ ಪಿಡಿಎಫ್‌ನಲ್ಲಿ ಅದೇ ಮೊತ್ತದ ಎದುರಿರುವ ಬರಹದೊಂದಿಗೆ ಹೋಲಿಸಿ. ಒಂದು ತಪ್ಪಿದ್ದರೂ ಸಹಿ ಹಾಕದೆ ಹಿಂದಕ್ಕೆ ಕಳಿಸಿ. ಬ್ಯಾಂಕ್ ಎಕ್ಸೆಲ್ ಕಡತ ಕೊಡುತ್ತದೆಂದಾದರೆ ಪಿಡಿಎಫ್ ಕೊಡಲೇಬೇಡಿ. ಕೈಗಡ ಪಡೆಯುವಾಗ, ತೀರಿಸುವಾಗ ಯುಪಿಐನ ಟಿಪ್ಪಣಿಯಲ್ಲಿ ಅದನ್ನು ಬರೆಯಿರಿ. ಆಗುವುದಾದರೆ ಅಂಗಡಿಗೆ ಬೇರೆಯೇ ಖಾತೆ ತೆರೆಯಿರಿ.