ಇಂಟಿಗ್ರೇಷನ್ ಉತ್ತರ ಸರಿಯೋ ತಪ್ಪೋ? ಪರೀಕ್ಷಾ ಕೊಠಡಿಯಲ್ಲೇ ಪತ್ತೆ ಹಚ್ಚುವುದು ಹೀಗೆ: ಚೆನ್ನೈ ಶಿಕ್ಷಕಿಯ ಪತ್ರ

ಚೆನ್ನೈ: ಗಣಿತದಲ್ಲಿ ಬರೆದ ಉತ್ತರ ಸರಿಯೇ ಎಂದು ಬೇರೆಯವರನ್ನು ಕೇಳದೆ ತಿಳಿಯಬಹುದಾದ ಅಧ್ಯಾಯಗಳು ಕಡಿಮೆ. ಇಂಟಿಗ್ರೇಷನ್, ಅಂದರೆ ಅನುಕಲನ, ಅಂಥದ್ದೊಂದು. ಹಾಗಿದ್ದರೂ ಹೆಚ್ಚಿನ ವಿದ್ಯಾರ್ಥಿಗಳು ಈ ಅನುಕೂಲವನ್ನು ಬಳಸಿಕೊಳ್ಳುವುದಿಲ್ಲ. ಬೋರ್ಡ್ ಪರೀಕ್ಷೆಗೆ ಮುನ್ನ ಚೆನ್ನೈನ ಗಣಿತ ಶಿಕ್ಷಕಿಯೊಬ್ಬರು ತಮ್ಮ 12ನೇ ತರಗತಿಗೆ ಬರೆದ ಪತ್ರದ ವಿಷಯವೂ ಇದೇ.

ಸಿಬಿಎಸ್‌ಇ 12ನೇ ತರಗತಿಯ ಗಣಿತ ಪತ್ರಿಕೆಗೆ 80 ಅಂಕ, ಮೂರು ಗಂಟೆ. ಅದರಲ್ಲಿ ಕ್ಯಾಲ್ಕುಲಸ್ ಒಂದಕ್ಕೇ 35 ಅಂಕ. ಲೆಕ್ಕ ಹಾಕಿದರೆ 3 ಅಂಕದ ಪ್ರಶ್ನೆಗೆ ಆರೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಅದರಲ್ಲಿ ಒಂದು ನಿಮಿಷವನ್ನು ತಾಳೆ ನೋಡುವುದಕ್ಕೇ ತೆಗೆದಿಡಿ ಎನ್ನುವುದು ಶಿಕ್ಷಕಿಯ ಮೊದಲ ಸೂಚನೆ. ಕೊನೆಯಲ್ಲಿ ಸಮಯ ಉಳಿದರೆ ನೋಡೋಣ ಎಂದುಕೊಂಡರೆ ಆ ಸಮಯ ಉಳಿಯುವುದೇ ಇಲ್ಲ.

ಹಿಂದಕ್ಕೆ ನಡೆದು ನೋಡಿ

ಅನುಕಲನದ ಉತ್ತರವನ್ನು ಡಿಫರೆನ್ಷಿಯೇಟ್ (ಅವಕಲನ) ಮಾಡಿದರೆ ಮೂಲ ಪ್ರಶ್ನೆ ಮರಳಿ ಬರಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಮರಳಿ ಬರದಿದ್ದಾಗ ಏನು ಮಾಡಬೇಕು? ಪತ್ರದ ತಿರುಳು ಇರುವುದು ಇಲ್ಲಿ.

∫ x e^(2x) dx ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಭಾಗಶಃ ಅನುಕಲನ ಮಾಡುತ್ತಾ ಅವಸರದಲ್ಲಿದ್ದ ವಿದ್ಯಾರ್ಥಿ ಹೀಗೆ ಬರೆಯುತ್ತಾನೆ:

(1/2) x e^(2x) − (1/2) e^(2x) + C

ಇದನ್ನು ಡಿಫರೆನ್ಷಿಯೇಟ್ ಮಾಡೋಣ. ಮೊದಲ ಪದದಿಂದ (1/2) e^(2x) + x e^(2x) ಬರುತ್ತದೆ. ಎರಡನೆಯದರಿಂದ −e^(2x). ಕೂಡಿಸಿದರೆ x e^(2x) − (1/2) e^(2x). ಬೇಕಾದ x e^(2x) ಬಂದಿದೆ, ಜೊತೆಗೆ −(1/2) e^(2x) ಹೆಚ್ಚುವರಿಯಾಗಿ ಉಳಿದಿದೆ.

ಈ ಉಳಿಕೆಯೇ ಸುಳಿವು. ಮೊದಲ ಪದ ಬಿಟ್ಟುಹೋದ (1/2) e^(2x) ಅನ್ನು ಎರಡನೇ ಪದ ಅಳಿಸಬೇಕಿತ್ತು, ಅದು ಎರಡರಷ್ಟು ಅಳಿಸಿದೆ. ಹಾಗಾಗಿ ಎರಡನೇ ಪದ ಅರ್ಧವಾಗಬೇಕು, ಅಂದರೆ −(1/4) e^(2x). ಎರಡನೇ ಬಾರಿ ಇಂಟಿಗ್ರೇಟ್ ಮಾಡುವಾಗ 2ರಿಂದ ಭಾಗಿಸುವುದು ಮರೆತುಹೋಗಿತ್ತು, ಅಷ್ಟೇ. ಇಡೀ ಲೆಕ್ಕ ಹೊಡೆದುಹಾಕಿ ಮೊದಲಿನಿಂದ ಶುರು ಮಾಡಬೇಕಿಲ್ಲ.

ಅಷ್ಟಕ್ಕೂ ಸಮಯವಿಲ್ಲದಿದ್ದರೆ, ಡಿಫರೆನ್ಷಿಯೇಟ್ ಮಾಡಿ ಬಂದದ್ದನ್ನು ಸರಳಗೊಳಿಸುವ ಮೊದಲೇ x = 0 ಹಾಕಿ. ಪ್ರಶ್ನೆಯಲ್ಲಿ 0 ಬರುತ್ತದೆ, ತಪ್ಪು ಉತ್ತರದಲ್ಲಿ −1/2. ಒಂದು ಸಂಖ್ಯೆ ತಾಳೆಯಾಗದಿದ್ದರೆ ಉತ್ತರ ಖಂಡಿತ ತಪ್ಪು. ತಾಳೆಯಾದರೆ ಮಾತ್ರ ಸರಿಯೆಂದು ನಂಬುವಂತಿಲ್ಲ, ಏಕೆಂದರೆ 0 ಹಾಕಿದಾಗ ಕೆಲವು ತಪ್ಪು ಪದಗಳೂ ಮಾಯವಾಗುತ್ತವೆ. ಆಗ x = 1 ಕೂಡ ಹಾಕಿ ನೋಡುವುದು ಒಳ್ಳೆಯದು.

ಸರಿ ಉತ್ತರವನ್ನೇ ಹೊಡೆದುಹಾಕಬೇಡಿ

ತಪ್ಪು ಬರೆಯುವುದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ∫ sin x cos x dx ಲೆಕ್ಕಕ್ಕೆ ಒಬ್ಬರಿಗೆ (1/2) sin² x ಬರುತ್ತದೆ, ನೆನಪಿನಲ್ಲಿರುವ ಉತ್ತರ −(1/4) cos 2x. ಎರಡೂ ಬೇರೆ ಎನಿಸಿ ಬರೆದದ್ದರ ಮೇಲೆ ಗೆರೆ ಎಳೆಯುತ್ತಾರೆ. ನಿಜವಾಗಿ ಎರಡೂ ಸರಿ. x = 0 ಹಾಕಿದರೆ 0 ಮತ್ತು −1/4; x = π/2 ಹಾಕಿದರೆ 1/2 ಮತ್ತು 1/4. ಎರಡು ಕಡೆಯೂ ವ್ಯತ್ಯಾಸ 1/4. ಎಲ್ಲೆಡೆ ಒಂದೇ ಆಗಿರುವ ಈ ವ್ಯತ್ಯಾಸ C ಒಳಗೆ ಸೇರಿಹೋಗುತ್ತದೆ. ಸಂಶಯ ಬಂದರೆ ನೆನಪಿನ ಉತ್ತರದ ಜೊತೆ ಹೋಲಿಸಬೇಡಿ, ಡಿಫರೆನ್ಷಿಯೇಟ್ ಮಾಡಿ ಪ್ರಶ್ನೆಯ ಜೊತೆ ಹೋಲಿಸಿ ಎನ್ನುತ್ತದೆ ಪತ್ರ.

ಮಿತಿಗಳಿದ್ದರೆ ಅಂದಾಜು ಹಾಕಿ

ನಿಶ್ಚಿತ ಅನುಕಲನದಲ್ಲಿ ಮೇಲಿನ ತಾಳೆ ಸಾಲದು. ಮಿತಿಗಳನ್ನು ಹಾಕುವಾಗ ಆಗುವ ತಪ್ಪು ಅದಕ್ಕೆ ಸಿಗುವುದಿಲ್ಲ. ಇಲ್ಲಿ ಬೇಕಾಗುವುದು ಒರಟು ಅಂದಾಜು.

ಅದೇ x e^(2x) ಅನ್ನು 0ಯಿಂದ 1ರವರೆಗೆ ನೋಡಿ. ರೇಖೆ 0ಯಿಂದ ಹೊರಟು ಸುಮಾರು 7.4ಕ್ಕೆ ಏರುತ್ತದೆ, ಕೆಳಕ್ಕೆ ಜೋತುಬಿದ್ದ ಹಗ್ಗದಂತೆ ಬಾಗಿಕೊಂಡು. ಹಾಗಾಗಿ ಅದರ ಕೆಳಗಿನ ವಿಸ್ತೀರ್ಣ, ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿದ ತ್ರಿಕೋನದ 3.7ಕ್ಕಿಂತ ಕಡಿಮೆ ಇರಬೇಕು. ನಡುವೆ, x = 1/2ರಲ್ಲಿ, ಎತ್ತರ ಸುಮಾರು 1.36, ಹೀಗೆ ಬಾಗಿದ ರೇಖೆಗೆ ವಿಸ್ತೀರ್ಣ ಅದಕ್ಕಿಂತ ಹೆಚ್ಚಿರಬೇಕು. ಸರಿ ಉತ್ತರ (e² + 1)/4, ಸುಮಾರು 2.1, ಈ ಎರಡರ ನಡುವೆಯೇ ಇದೆ. ಮೊದಲಿನ ತಪ್ಪು ಸೂತ್ರ ಬಳಸಿದ್ದರೆ 1/2 ಬರುತ್ತಿತ್ತು. ಕ್ಯಾಲ್ಕುಲೇಟರ್ ಇಲ್ಲದೆಯೂ ಅದು ಸಿಕ್ಕಿಬೀಳುತ್ತದೆ.

ಪ್ರಶ್ನೆಯನ್ನೇ ತಪ್ಪಾಗಿ ನಕಲು ಮಾಡಿಕೊಂಡಿದ್ದರೆ ಮಾತ್ರ ಈ ಯಾವ ತಾಳೆಯೂ ನೆರವಿಗೆ ಬರುವುದಿಲ್ಲ. C ಬಿಟ್ಟುಹೋದರೂ ಡಿಫರೆನ್ಷಿಯೇಷನ್ ಅದನ್ನು ಹೇಳುವುದಿಲ್ಲ, ಏಕೆಂದರೆ ಸ್ಥಿರಾಂಕ ಅಲ್ಲಿ ಸೊನ್ನೆಯಾಗುತ್ತದೆ. ಹಾಗಾಗಿ ಹೋಲಿಸುವಾಗ ಉತ್ತರ ಪತ್ರಿಕೆಯ ಮೊದಲ ಸಾಲನ್ನಲ್ಲ, ಮುದ್ರಿತ ಪ್ರಶ್ನೆಪತ್ರಿಕೆಯನ್ನೇ ನೋಡಬೇಕು. C ಇದೆಯೇ ಎಂದು ಕಣ್ಣಿನಿಂದಲೇ ಖಚಿತಪಡಿಸಿಕೊಳ್ಳಬೇಕು. ಇದೇ ಅಧ್ಯಾಯ ಓದುವ ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೂ ಈ ಕ್ರಮ ಹಾಗೆಯೇ ಅನ್ವಯಿಸುತ್ತದೆ.