410 ರೂಪಾಯಿಯೊಳಗೆ ತೆರಿಗೆ ಎಷ್ಟು?

ಭಾನುವಾರ ಸಂಜೆ ಪಕ್ಕದ ಮನೆಯ ಅಕ್ಕ ವಾಟ್ಸ್ಯಾಪಿನಲ್ಲಿ ಒಂದು ಫೋಟೊ ಕಳಿಸಿದರು. ಸೂಪರ್ ಮಾರ್ಕೆಟ್ಟಿನ ಬಿಲ್ಲು. ಮಡಚಿಟ್ಟಿದ್ದನ್ನು ಬಿಡಿಸಿ, ಊಟದ ಮೇಜಿನ ಮೇಲಿಟ್ಟು ತೆಗೆದದ್ದು. ಹಿಂದೆಯೇ ಫೋನು ಬಂತು.

"ಮಗ ಹೇಳ್ತಿದಾನೆ, ಈ 1,097 ರೂಪಾಯೊಳಗೆ 197 ರೂಪಾಯಿ ಬರೀ ಟ್ಯಾಕ್ಸೇ ಹೋಯ್ತಂತೆ. ನೀವು ಇದೇ ಕೆಲಸ ಮಾಡೋರು, ನೋಡಿ ಹೇಳಿ, ಹೌದಾ?"

ನಾನು ಅಂಗಡಿಗಳ ಲೆಕ್ಕ ಬರೆಯುವವನು. ಆ 197 ಎಲ್ಲಿಂದ ಬಂತೆಂದು ಕೂಡಲೇ ಗೊತ್ತಾಯಿತು. ಹುಡುಗ ಮೊಬೈಲಿನಲ್ಲಿ 1,097ಕ್ಕೆ ಶೇಕಡಾ 18 ಹಾಕಿದ್ದಾನೆ. ಗುಣಾಕಾರ ಸರಿಯಾಗಿಯೇ ಇದೆ. ಆದರೆ ಅದರೊಳಗೆ ಎರಡು ತಪ್ಪು ಸೇರಿಕೊಂಡಿವೆ. ಓದಿದವರೂ ದಿನಾ ಮಾಡುವ ತಪ್ಪುಗಳು ಅವು.

ಮೊದಲನೆಯದನ್ನು ಬಟ್ಟೆ ಒಗೆಯುವ ಪೌಡರಿನಿಂದ ನೋಡೋಣ. ಬಿಲ್ಲಿನಲ್ಲಿ ಅದಕ್ಕೆ 236 ರೂಪಾಯಿ, ಜಿಎಸ್‌ಟಿ ದರ ಶೇಕಡಾ 18. 236ಕ್ಕೆ 18 ಪರ್ಸೆಂಟ್ ಅಂದರೆ 42 ರೂಪಾಯಿ 48 ಪೈಸೆ. ಅದನ್ನು ಕಳೆದರೆ ಸಾಮಾನಿನ ಬೆಲೆ 193.52 ಆಗಬೇಕು. ಈಗ ತಿರುಗಿಸಿ ನೋಡಿ. 193.52ಕ್ಕೆ ಶೇಕಡಾ 18 ಸೇರಿಸಿದರೆ 228.35 ಬರುತ್ತದೆ, 236 ಬರುವುದಿಲ್ಲ. ಏಕೆಂದರೆ ಅಂಗಡಿಯವನು 18 ಪರ್ಸೆಂಟ್ ಹಾಕಿದ್ದು 236ರ ಮೇಲಲ್ಲ. ಸಾಮಾನಿನ ಬೆಲೆಯನ್ನು 100 ಪಾಲು ಎಂದಿಟ್ಟುಕೊಂಡರೆ ತೆರಿಗೆ 18 ಪಾಲು, ನಾವು ಕೊಡುವ ಹಣ 118 ಪಾಲು. ಹಾಗಾಗಿ 236ನ್ನು 118ರಿಂದ ಭಾಗಿಸಬೇಕು. ಒಂದು ಪಾಲಿಗೆ 2 ರೂಪಾಯಿ. ಸಾಮಾನಿನ ಬೆಲೆ 200, ತೆರಿಗೆ 36.

ಈ ಸಾಮಾನಿನ ಬೆಲೆಗೇ ಬಿಲ್ಲಿನಲ್ಲಿ ಟ್ಯಾಕ್ಸಬಲ್ ವ್ಯಾಲ್ಯೂ, ಅಂದರೆ ತೆರಿಗೆಗೆ ಒಳಪಡುವ ಮೌಲ್ಯ ಎನ್ನುವುದು. ತೆರಿಗೆ ಸೇರಿದ ಮೊತ್ತದಿಂದ ಅದನ್ನು ಹೊರತೆಗೆಯುವ ಕ್ರಮ 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 35ನೇ ನಿಯಮದಲ್ಲೇ ಇದೆ. ಮೊತ್ತವನ್ನು ದರದಿಂದ ಗುಣಿಸಿ, ನೂರಕ್ಕೆ ದರ ಕೂಡಿಸಿ ಬಂದ ಸಂಖ್ಯೆಯಿಂದ ಭಾಗಿಸಿದರೆ ತೆರಿಗೆ ಸಿಗುತ್ತದೆ:

```
ತೆರಿಗೆ = ಮೊತ್ತ × ದರ ÷ (100 + ದರ)
```

ಶೇಕಡಾ 5ರ ಸಾಮಾನಿಗೆ ಇನ್ನೂ ಸುಲಭದ ದಾರಿಯಿದೆ. 105ರಲ್ಲಿ 5 ಅಂದರೆ 21ರಲ್ಲಿ 1. ಕೊಟ್ಟ ಹಣವನ್ನು 21ರಿಂದ ಭಾಗಿಸಿದರೆ ತೆರಿಗೆ ಬಂತು. ಶೇಕಡಾ 40 ಬೀಳುವ ಸೋಡಾ ಪಾನೀಯಕ್ಕೆ 140ರಲ್ಲಿ 40, ಅಂದರೆ 7ರಲ್ಲಿ 2. ನಲವತ್ತು ರೂಪಾಯಿಯ ಬಾಟಲಿಯೊಳಗೆ 11 ರೂಪಾಯಿ 43 ಪೈಸೆ ತೆರಿಗೆಯೇ. ಮೇಲಿಂದ 40 ಪರ್ಸೆಂಟ್ ತೆಗೆದವರು 16 ರೂಪಾಯಿ ಎನ್ನುತ್ತಾರೆ. ದರ ಏರಿದಷ್ಟೂ ಈ ತಪ್ಪು ದೊಡ್ಡದಾಗುತ್ತಾ ಹೋಗುತ್ತದೆ.

ಎರಡನೆಯ ತಪ್ಪು, ಇಡೀ ಬಿಲ್ಲಿಗೆ ಒಂದೇ ದರ ಹಿಡಿದದ್ದು. ಅಕ್ಕನ ಬಿಲ್ಲಿನಲ್ಲಿ ಏಳು ಸಾಲುಗಳಿದ್ದವು. ತರಕಾರಿ 84 ರೂಪಾಯಿ, ಅದಕ್ಕೆ ತೆರಿಗೆಯೇ ಇಲ್ಲ. ಮೈಸೋಪಿನ ನಾಲ್ಕರ ಪ್ಯಾಕು 168, ಐದು ಕಿಲೋ ಅಕ್ಕಿಯ ಚೀಲ 340, ಟೂತ್‌ಪೇಸ್ಟು ತೊಂಬತ್ತರ ಮೇಲೆ ಎಷ್ಟೋ. ಇವು ಮೂರೂ ಶೇಕಡಾ 5ರವು. ಬಟ್ಟೆ ಸೋಪು ಎಪ್ಪತ್ತರ ಮೇಲೆ ಎಷ್ಟೋ, ಪೌಡರ್ 236, ಫಿನಾಯಿಲ್ 99. ಇವು ಶೇಕಡಾ 18ರವು.

ಮೈಸೋಪು ಒಂದು ಕಡೆ, ಬಟ್ಟೆ ಸೋಪು ಇನ್ನೊಂದು ಕಡೆ ಹೋದದ್ದನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದಾಗ ಮೈಗೆ ಹಚ್ಚುವ ಸೋಪು 18ರಿಂದ 5ಕ್ಕೆ ಇಳಿಯಿತು. ಬಟ್ಟೆಯ ಸೋಪು ಇದ್ದಲ್ಲೇ ಉಳಿಯಿತು. ಟೂತ್‌ಪೇಸ್ಟೂ ಅದೇ ದಿನ ಇಳಿದದ್ದು. ಆದ್ದರಿಂದ ಹಳೆಯ ಬಿಲ್ಲಿನ ಫೋಟೊ ಕೈಗೆ ಬಂದರೆ ನಾನು ಮೊದಲು ನೋಡುವುದು ತಾರೀಕನ್ನು. ಅದೇ ಸೋಪು, ಅದೇ ಅಂಗಡಿ, ಆದರೆ ಸೆಪ್ಟೆಂಬರ್ 21ರ ಬಿಲ್ಲಿಗೆ 118ರಿಂದ ಭಾಗಿಸಬೇಕು, 22ರ ಬಿಲ್ಲಿಗೆ 105ರಿಂದ.

ತಾರೀಕಿನ ಜೊತೆಗೆ ಬಿಲ್ಲಿನ ತಲೆಬರಹವನ್ನೂ ನೋಡಬೇಕು. ಅಲ್ಲಿ ಹದಿನೈದು ಅಕ್ಷರದ ಜಿಎಸ್‌ಟಿ ಸಂಖ್ಯೆ ಇರುತ್ತದೆ, ಕರ್ನಾಟಕದ ಅಂಗಡಿಯಾದರೆ 29ರಿಂದ ಶುರುವಾಗುತ್ತದೆ. ಸಂಖ್ಯೆಯೇ ಇಲ್ಲದ, ನೋಂದಣಿ ಮಾಡಿಸಬೇಕಿಲ್ಲದ ಸಣ್ಣ ಅಂಗಡಿಯ ಬಿಲ್ಲಾದರೆ ಈ ಲೆಕ್ಕಕ್ಕೆ ಕೂರಲೇಬಾರದು. ಕಂಪೋಸಿಷನ್ ಯೋಜನೆಯಲ್ಲಿರುವ ಅಂಗಡಿಗೆ ಸಂಖ್ಯೆ ಇರುತ್ತದೆ, ಆದರೆ ಅದು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಅದು ಕೊಡುವ ಕಾಗದದ ಮೇಲೆ 'ಬಿಲ್ ಆಫ್ ಸಪ್ಲೈ' ಎಂದು ಇರುತ್ತದೆ. ಇಂಥ ಎರಡೂ ಕಡೆ ನೀವು ಕೊಟ್ಟ ಹಣದಲ್ಲಿ ಪ್ರತ್ಯೇಕಿಸಿ ತೋರಿಸುವ ತೆರಿಗೆಯೇ ಇಲ್ಲ. 118ರಿಂದ ಭಾಗಿಸಿದರೆ ಏನೋ ಒಂದು ಅಂಕಿ ಬಂದೇ ಬರುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ.

ಅಕ್ಕನ ಬಿಲ್ಲಿಗೆ ಬರೋಣ. ಫೋಟೊದಲ್ಲಿ ಒಂದರ ಪಕ್ಕ ಒಂದು ಎರಡು ಬೆಲೆಗಳಿದ್ದವು, ಎಂಆರ್‌ಪಿ ಮತ್ತು ಮೊತ್ತ. ಪೌಡರಿನ ಎಂಆರ್‌ಪಿ 260, ಅಂಗಡಿ ಹಾಕಿಕೊಂಡಿದ್ದು 236. ಲೆಕ್ಕ ಹಿಡಿಯಬೇಕಾದ್ದು ಕೊಟ್ಟ ಹಣದಿಂದ. ಮಾರುವಾಗಲೇ ಬಿಟ್ಟು, ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಗೆ ತೆರಿಗೆಯಿಲ್ಲ. 260ರಿಂದ ಹೊರಟರೆ ತೆರಿಗೆ 39.66 ಎಂದು ಬರುತ್ತದೆ, ಯಾರೂ ಕೊಡದ ತೆರಿಗೆ ಅದು. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಬಹುದು. ಅದರ ಮೇಲೆ ಮತ್ತೆ ಜಿಎಸ್‌ಟಿ ಸೇರಿಸುವಂತಿಲ್ಲ. ಸೇರಿಸಿದ್ದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು.

ಇನ್ನು ಉಳಿದದ್ದು ಫೋಟೊದ ತೊಂದರೆ. ಮಡಿಕೆಯ ಗೆರೆ ಎರಡು ಸಾಲುಗಳ ಮೇಲೆ ಹಾದುಹೋಗಿತ್ತು. ಇಂಥ ಬಿಲ್ಲುಗಳಲ್ಲಿ ಶಾಯಿ ಇರುವುದಿಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರವಾಗಿರುತ್ತದೆ. ಉಜ್ಜಿದರೆ, ಬಿಸಿಲಿಗಿಟ್ಟರೆ ಹಾಳಾಗುತ್ತದೆ. ಟೂತ್‌ಪೇಸ್ಟಿನ ಸಾಲಿನಲ್ಲಿ 9 ಕಾಣುತ್ತಿತ್ತು, ಮುಂದಿನ ಅಂಕಿ ಇಲ್ಲ. ಬಟ್ಟೆ ಸೋಪಿನ ಸಾಲಿನಲ್ಲಿ 7 ಕಾಣುತ್ತಿತ್ತು, ಮುಂದಿನದು 3, 5, 8 ಯಾವುದೂ ಆಗಬಹುದಿತ್ತು.

ಒಟ್ಟು ಮೊತ್ತ 1,097 ಸ್ಪಷ್ಟವಾಗಿತ್ತು. ಓದಲು ಬರುವ ಐದು ಸಾಲು ಕೂಡಿದರೆ 927. ಅಂದರೆ ಮಸುಕಾದ ಎರಡೂ ಸೇರಿ 170. ಒಂದೇ ಸಾಲು ಮಸುಕಾಗಿದ್ದರೆ ಇಲ್ಲಿಗೇ ಕೆಲಸ ಮುಗಿಯುತ್ತಿತ್ತು. ಎರಡಿದ್ದಾಗ 170ನ್ನು 73 ಮತ್ತು 97 ಎಂದೂ ಒಡೆಯಬಹುದು, 75 ಮತ್ತು 95 ಎಂದೂ ಒಡೆಯಬಹುದು, 78 ಮತ್ತು 92 ಎಂದೂ ಒಡೆಯಬಹುದು. ಎರಡು ಸೋಪು-ಪೇಸ್ಟುಗಳ ದರ ಬೇರೆ ಬೇರೆಯಾದ್ದರಿಂದ ಹೇಗೆ ಒಡೆದರೆ ಹಾಗೆ ತೆರಿಗೆ ಬದಲಾಗುತ್ತದೆ.

ನನಗೆ ಮೊದಲು 78 ಎಂದೇ ಅನ್ನಿಸಿತು. ಹಾಗೆ ಹಿಡಿದರೆ 18ರ ಗುಂಪಿನ ಮೊತ್ತ 413. ಅದನ್ನು 118ರಿಂದ ಭಾಗಿಸಿದರೆ ಮೂರೂವರೆ. ಸಾಮಾನಿನ ಬೆಲೆ ಸರಿಯಾಗಿ 350, ತೆರಿಗೆ ಸರಿಯಾಗಿ 63. ಇಷ್ಟು ದುಂಡಗೆ ಬಂದಾಗ ಇದೇ ಸರಿ ಎಂದು ಮನಸ್ಸು ಒಪ್ಪಿಬಿಡುತ್ತದೆ. ಅಲ್ಲೇ ಎಚ್ಚರ ಬೇಕು. ಎಂಆರ್‌ಪಿ ತೆರಿಗೆ ಸೇರಿ ದುಂಡಗಿರುತ್ತದೆ. ತೆರಿಗೆ ತೆಗೆದ ಮೇಲೆ ಪೈಸೆಗಳು ಉಳಿಯುವುದೇ ವಾಡಿಕೆ. ದುಂಡಗಿನ ಉತ್ತರ ಸಿಕ್ಕಿದ್ದು ಸಾಕ್ಷಿಯಾಗುವುದಿಲ್ಲ.

"ಅಕ್ಕ, ಬಿಲ್ಲಿನ ಬಾಲ ಎಲ್ಲಿ?" ಎಂದು ಕೇಳಿದೆ.

"ಕೆಳಗೆ ಏನೋ ಸಣ್ಣ ಸಣ್ಣ ಅಂಕಿ ಇತ್ತು, ಬೇಡ ಅಂತ ಬಿಟ್ಟೆ. ತಡೀರಿ, ಅದನ್ನೂ ತೆಗೆದು ಕಳಿಸ್ತೀನಿ."

ಆ ಸಣ್ಣ ಅಂಕಿಗಳೇ ಬೇಕಾಗಿದ್ದವು. ಎರಡನೆಯ ಫೋಟೊದಲ್ಲಿ ದರವಾರು ಪಟ್ಟಿ ಬಂತು. 18ರ ಸಾಲಿನಲ್ಲಿ ಸಾಮಾನಿನ ಬೆಲೆ 347.46, ಸಿಜಿಎಸ್‌ಟಿ 31.27, ಎಸ್‌ಜಿಎಸ್‌ಟಿ 31.27. ಮೂರನ್ನೂ ಕೂಡಿದರೆ 410. ಅದರಲ್ಲಿ ಪೌಡರಿನ 236, ಫಿನಾಯಿಲಿನ 99 ಕಳೆದರೆ ಬಟ್ಟೆ ಸೋಪಿಗೆ 75. ಉಳಿದ 95 ಟೂತ್‌ಪೇಸ್ಟಿಗೆ. 5ರ ಗುಂಪು ಕೂಡಿದರೆ 168, 340, 95 ಸೇರಿ 603 ಆಗಬೇಕು. ಪಟ್ಟಿಯಲ್ಲಿ 574.28, 14.36, 14.36. ಕೂಡಿದರೆ 603.

"ಅಲ್ಲ, 31.27 ಎರಡು ಸಲ ಹಾಕಿದಾರಲ್ಲ, ಎರಡು ಸಲ ತಗೊಂಡ್ರಾ?"

ಇಲ್ಲ. 18ರಲ್ಲಿ 9 ಕೇಂದ್ರಕ್ಕೆ, 9 ರಾಜ್ಯಕ್ಕೆ. ಒಂದೇ ತೆರಿಗೆಯ ಎರಡು ಅರ್ಧಗಳಾದ್ದರಿಂದ ಅಂಕಿ ಒಂದೇ. ಎರಡೂ 410ರ ಒಳಗೇ ಇವೆ, ಹೊರಗಿನಿಂದ ಸೇರಿಸಿದ್ದಲ್ಲ. ನೀವೇ 410ನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿ ನೋಡಿ, 62.54 ಬರುತ್ತದೆ, ಅದರ ಅರ್ಧ 31.27.

5ರ ಗುಂಪಿನಲ್ಲಿ ಒಂದು ಪೈಸೆ ಜಾರುತ್ತದೆ. 603ನ್ನು 21ರಿಂದ ಭಾಗಿಸಿದರೆ 28.714, ಅಂದರೆ 28.71. ಬಿಲ್ಲಿನ ಯಂತ್ರ ಮೊದಲು ಅರ್ಧ ಮಾಡಿ, 14.357ನ್ನು 14.36 ಎಂದು ಎರಡು ಸಲ ಬರೆದಿದೆ. ಒಟ್ಟು 28.72. ಹೆಚ್ಚಾದ ಪೈಸೆಯನ್ನು ಸಾಮಾನಿನ ಬೆಲೆಯಿಂದ ಕಡಿಮೆ ಮಾಡಿಕೊಂಡು 603ಕ್ಕೇ ನಿಂತಿದೆ. ಒಂದೆರಡು ಪೈಸೆಯ ಈ ವ್ಯತ್ಯಾಸ ತಪ್ಪಲ್ಲ. ರೂಪಾಯಿಗಳಲ್ಲಿ ವ್ಯತ್ಯಾಸ ಬಂದರೆ ಯಾವುದೋ ಸಾಮಾನನ್ನು ಬೇರೆ ಗುಂಪಿಗೆ ಹಾಕಿದ್ದೇವೆ, ಇಲ್ಲವೇ ಅಂಕಿ ತಪ್ಪಾಗಿ ಓದಿದ್ದೇವೆ ಎಂದರ್ಥ.

ಎರಡೂ ಗುಂಪು ಸೇರಿ 91 ರೂಪಾಯಿ 26 ಪೈಸೆ ಎಂದು ಅಕ್ಕನಿಗೆ ಹೇಳಿದೆ. ಫೋನನ್ನು ಪಕ್ಕಕ್ಕಿಟ್ಟು ಮಗನನ್ನು ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವನೇ ಮಾತಾಡಿದ. 410ನ್ನು 118ರಿಂದ ಭಾಗಿಸಿದರೆ 3.4745 ಬರುತ್ತಿದೆ, ಮುಂದೆ ಏನು ಮಾಡಬೇಕು ಎಂದು ಕೇಳಿದ.

"ಅದು ಒಂದು ಪಾಲು. ಅಂಥ ಹದಿನೆಂಟು ಪಾಲು ತಗೋ."